ಗಡ್ಡಕ್ಕ ಕರಿ ಹಚ್ಚಬೇಕೋ ಬ್ಯಾಡೋ

ಮಗಳ ಲಗ್ನಕ್ಕೆ ಇನ್ನು ಒಂದೇ ತಿಂಗಳು. ನನಗೆ 52 ವರ್ಷ. ಕೆನ್ನೆ ಮೇಲಿನ ಗಡ್ಡ ಇನ್ನೂ ಕರಿ, ಗದ್ದದ ಮೇಲಿನದು ಪೂರಾ ಬೆಳ್ಳಗಾಗಿದೆ. "ಫೋಟೋದಾಗ ಅಜ್ಜನಂಗ ಕಾಣ್ತೀರಿ, ಬಣ್ಣಾ ಹಚ್ಚಿಸ್ಕೊಂಡು ಬರ್ರಿ" ಅಂದಳು ಮನೆಯವಳು.

ಜತ್ತಿನ ಕಟಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮುಖ ಬೆಳಕಿಗೆ ತಿರುಗಿಸಿ ನೋಡಿದ. "ಮಾಸ್ತರ್ರ, ನಿಮ್ಮ ಮೈ ಕಪ್ಪು. ಅದರ ಮ್ಯಾಲೆ ಅಚ್ಚ ಕರಿ ಬಣ್ಣ ಹಚ್ಚಿದ್ರ ಮಸಿ ಬಳದಂಗ ಕಾಣ್ತದ, ಕಣ್ಣ ಕೆಳಗಿನ ನೆರಿಗಿ ಇನ್ನೂ ಎದ್ದು ಕಾಣ್ತಾವ. ಹಚ್ಚೂದಾದ್ರ ಗಾಢ ಕಂದು ಹಚ್ಚೂಣು. ಆದ್ರ ಗಡ್ಡ ತಿಂಗಳಿಗೆ ಒಂದು ಸೆಂಟಿಮೀಟರ್‌ಕಿಂತ ಹೆಚ್ಚು ಬೆಳೀತದ. ವಾರದಾಗ ಬುಡ ಬೆಳ್ಳಗ, ತುದಿ ಕಂದು. ವಾರ ವಾರ ಬರಬೇಕಾಗ್ತದ ನೀವು."

ಅದಕ್ಕೂ ನಾನು ಒಪ್ಪಿದ್ದೆ. ಆದರೆ ಅವನು ಹಚ್ಚಲಿಲ್ಲ. ಬಣ್ಣ ಕಲಸಿ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟು, ಎರಡು ದಿವಸ ಬಿಟ್ಟು ಬರ್ರಿ ಅಂತ ಕಳಿಸಿದ. ಮರುದಿನ ರಾತ್ರಿ ತುರಿಕೆ ಸುರುವಾತು, ಬೆಳಗಾಗೋದರೊಳಗೆ ಕೆಂಪಗೆ ಸಣ್ಣ ಗುಳ್ಳೆ. ಅದೇ ಬಣ್ಣ ಮುಖದ ತುಂಬ ಹಚ್ಚಿದ್ದರೆ ಕಣ್ಣು ಮುಚ್ಚುವಷ್ಟು ಬಾವು ಬರಬಹುದಿತ್ತು. ಪೇಟೆಯ ಕರಿ ಮೆಹಂದಿ ಪುಡಿಯಲ್ಲೂ ಬಹಳ ಸಲ ಅದೇ ಪಿಪಿಡಿ ರಾಸಾಯನಿಕ ಇರುತ್ತದೆ, ಮೆಹಂದಿ ಎಂಬ ಹೆಸರಿಗೆ ಮೋಸ ಹೋಗಬಾರದು.

ಕೊನೆಗೆ ಅವನು ಮಷೀನಿನಿಂದ ಗಡ್ಡ ಗಿಡ್ಡ ಮಾಡಿ, ಅಂಚು ತೀಡಿದ. ಗಿಡ್ಡಾದ ಮೇಲೆ ಬಿಳಿ-ಕರಿ ಒಂದಕ್ಕೊಂದು ಕೂಡಿಕೊಂಡವು. ಮನೆಗೆ ಬಂದೆ. ಮನೆಯವಳು ಒಂದ್ ಸಲ ನೋಡಿ, "ಹ್ಞೂಂ, ಈಗ ಬೀಗರಂಗ ಕಾಣ್ತೀರಿ" ಅಂದಳು.