ಸಲಾಂ ಜೊತೆ ಬಂದ ಫೈಲ್

ರಾಜೂರದ ನಮ್ಮ ಮನೆಯಲ್ಲಿ ಅಬ್ಬಾನ ವಾಟ್ಸಾಪ್‌ಗೆ ಉತ್ತರ ಬರೆಯುವುದು ನನ್ನ ಕೆಲಸ. ಬರೀ "ಅಸ್ಸಲಾಮು ಅಲೈಕುಂ", ಕೆಳಗೊಂದು ಫೋಟೊ. ಮೊದಲು ಸಲಾಮಿಗೆ ಜವಾಬು ಬರೆಯುತ್ತೇನೆ, ಆಮೇಲೆ ಕಂಡದ್ದನ್ನು ಹೇಳಿ ಒಂದೇ ಪ್ರಶ್ನೆ: "ಚಾಚಾ, 1,840 ರೂಪಾಯಿ ಬಿಲ್ ಬಂತು. ಕೊಟ್ಟದ್ದಾ, ಕೊಡಬೇಕಾದದ್ದಾ?" ಬರೀ "ಏನಿದು?" ಅಂದರೆ ಅದೇ ಫೋಟೊ ಮತ್ತೆ ಬರುತ್ತದೆ!

ಫೈಲ್ ಬಂದರೆ ಹೆಸರಿನ ಕೊನೆ ನೋಡುತ್ತೇನೆ. ಕಳೆದ ತಿಂಗಳು ಮಾಮೂ ನಂಬರಿನಿಂದ ಬಂದ ಶಾದಿ ಕಾರ್ಡಿನ ಕೊನೆಗೆ `.apk` ಇತ್ತು. ಕಾರ್ಡ್ ಸಾಮಾನ್ಯವಾಗಿ `.pdf` ಅಥವಾ `.jpg` ಇರುತ್ತದೆ. `.apk` ಎಂದರೆ ಆ್ಯಪ್. ಹಾಕಿಕೊಂಡು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿಯನ್ನೂ ಓದಬಲ್ಲದು. ಅಲ್ಲೇ ಬರೆದು ಕೇಳಿದರೆ ಕಳ್ಳನೇ "ಹೌದು" ಅನ್ನಬಹುದು. ಅದಕ್ಕೇ ಫೋನ್ ಹಚ್ಚಿದೆ.

"ನಾ ಏನೂ ಕಳಿಸಿಲ್ಲ ಬೇಟಾ," ಅಂದರು ಮಾಮೂ.