ಹೆಸರು ಮಗನದು, ಸಾಲ ಅಮ್ಮನದು

ನನ್ನ ಅಕ್ಕ ಹಾಸನದಲ್ಲಿದ್ದಾಳೆ. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ನಿವೃತ್ತಳಾದವಳು. ಪಿಂಚಣಿಯಲ್ಲಿ ಉಳಿಸಿದ 2 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಾಗ, ಅದರ ಆಧಾರದ ಮೇಲೆ ಅವರು 1,60,000 ರೂಪಾಯಿ ಮಿತಿಯ ಕ್ರೆಡಿಟ್ ಕಾರ್ಡ್ ಕೊಟ್ಟರು. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮಗನಿಗೂ ಒಂದಿರಲಿ ಎಂದು ಆಕೆಯೇ ಅರ್ಜಿ ತುಂಬಿದಳು. ಹೀಗೆ ಅವನ ಕೈಗೆ ಆ್ಯಡ್-ಆನ್ ಕಾರ್ಡ್ ಬಂತು. ಅದರ ಮೇಲೆ ಅಚ್ಚಾಗಿದ್ದದ್ದು ಅವನದೇ ಹೆಸರು.

ಎಡವಟ್ಟು ಶುರುವಾಗುವುದು ಆ ಹೆಸರಿನಿಂದಲೇ. ಕಾರ್ಡಿನ ಮೇಲೆ ಯಾರ ಹೆಸರಿದೆಯೋ ಸಾಲ ಅವರದು ಎಂದುಕೊಳ್ಳುವುದು ಸಹಜ. ಆದರೆ ಆ್ಯಡ್-ಆನ್ ಕಾರ್ಡಿಗೆ ಬೇರೆ ಖಾತೆ ಇರುವುದಿಲ್ಲ. ಒಂದೇ ಬಾವಿಗೆ ಎರಡು ಹಗ್ಗ ಇಳಿಬಿಟ್ಟ ಹಾಗೆ ಅದು. ಮಿತಿ ಒಂದೇ, ತಿಂಗಳ ಬಿಲ್ಲೂ ಒಂದೇ. ರಿಸರ್ವ್ ಬ್ಯಾಂಕಿನ ಕಾರ್ಡುಗಳ ನಿರ್ದೇಶನದಲ್ಲಿ ಈ ಮಾತು ನೇರವಾಗಿಯೇ ಇದೆ: ಮೂಲ ಕಾರ್ಡುದಾರರು ಗುರುತಿಸಿದವರಿಗೆ ಮಾತ್ರ ಆ್ಯಡ್-ಆನ್ ಕಾರ್ಡ್ ಕೊಡಬಹುದು, ಅದರ ಹೊಣೆ ಮೂಲ ಕಾರ್ಡುದಾರರದೇ. ಅರ್ಜಿಗೆ ಸಹಿ ಹಾಕುವಾಗ ಅಕ್ಕ ಒಪ್ಪಿಕೊಂಡದ್ದು ಇದನ್ನು.

ಮಾರ್ಚ್ ತಿಂಗಳ ಬಿಲ್ ಬಂದಾಗ ಅಕ್ಕ ನನಗೆ ಫೋನ್ ಮಾಡಿದಳು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನಾದ್ದರಿಂದ ಮನೆಯಲ್ಲಿ ಇಂಥ ಕಾಗದಗಳೆಲ್ಲ ನನ್ನ ಬಳಿಗೇ ಬರುತ್ತವೆ. ಒಟ್ಟು 96,200 ರೂಪಾಯಿ. ಅದರಲ್ಲಿ ಅಕ್ಕನದು ಔಷಧಿ, ಗ್ಯಾಸು, ಕರೆಂಟ್ ಬಿಲ್ ಸೇರಿ 4,200. ಉಳಿದ 92,000 ಮಗನದು: ಲ್ಯಾಪ್‌ಟಾಪಿಗೆ 68,000, ಹೊಸ ರೂಮಿನ ಮಂಚ, ಹಾಸಿಗೆ, ಓಡಾಟಕ್ಕೆ 24,000. ಕಟ್ಟಲು ಕೊನೆಯ ದಿನ ಏಪ್ರಿಲ್ 5.

"ನನ್ನ ನಾಲ್ಕು ಸಾವಿರದ ಇನ್ನೂರು ನಾನು ಕಟ್ಟಿಬಿಡ್ತೀನಿ ಕಣೋ. ಅವನದು ಅವನು ನಿಧಾನಕ್ಕೆ ಕಟ್ಕೋತಾನಂತೆ," ಎಂದಳು. ತಾಯಿ ಮಗ ಇಬ್ಬರೂ ಹೀಗೇ ಮಾತಾಡಿಕೊಂಡಿದ್ದರು.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ಬಿಡಿಸಿ ಹೇಳಬೇಕಾಯಿತು. ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂದು ನಮೂದಾಗಿದ್ದದ್ದು 4,810 ರೂಪಾಯಿ, ಒಟ್ಟು ಮೊತ್ತದ ಶೇ. 5. ಅಕ್ಕ ಕಟ್ಟಲು ಹೊರಟಿದ್ದ 4,200 ಅದಕ್ಕಿಂತ ಕಡಿಮೆ. ಆ ಹಣ 'ಅಕ್ಕನ ಪಾಲು' ಎಂದು ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಪಾಲುಗಳೇ ಇಲ್ಲ. 96,200ರ ಸಾಲಗಾರರೊಬ್ಬರು ಕನಿಷ್ಠವನ್ನೂ ಕಟ್ಟಲಿಲ್ಲ ಎಂದಷ್ಟೇ ಅದು ಓದಿಕೊಳ್ಳುತ್ತದೆ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ತಡಪಾವತಿ ಶುಲ್ಕ ಹಾಕಬಹುದು, ಬಾಕಿದಾರರು ಎಂದು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ವರದಿ ಮಾಡಬಹುದು. ವರದಿಯಾಗುವ ಬಾಕಿ ಅಕ್ಕನ ಖಾತೆಯದು.

ಬಡ್ಡಿಯ ಕಥೆ ಇನ್ನೊಂದು. ಆ ಕಾರ್ಡಿನ ದರ ತಿಂಗಳಿಗೆ ಶೇ. 3.5. ಉಳಿಯುತ್ತಿದ್ದ 92,000ಕ್ಕೆ ತಿಂಗಳಿಗೆ 3,220 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಅಂದರೆ ಇನ್ನು 580. ಎರಡೂ ಸೇರಿ 3,800. ಜೊತೆಗೆ, ಪೂರ್ತಿ ಬಿಲ್ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿಯ ಸೌಲಭ್ಯ ನಿಂತುಹೋಗುತ್ತದೆ. ಮುಂದೆ ಅಕ್ಕ ಔಷಧಿ ಅಂಗಡಿಯಲ್ಲಿ ಕಾರ್ಡ್ ಉಜ್ಜಿದರೂ ಆ ದಿನದಿಂದಲೇ ಬಡ್ಡಿ ಓಡುತ್ತದೆ. ಹಲವು ತಿಂಗಳು ಹೀಗೇ ಬಿಟ್ಟರೆ ಬ್ಯಾಂಕು ಮಗನನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಕಾರ್ಡಿಗೆ ಅಡವಾಗಿರುವ ಎಫ್‌ಡಿಯನ್ನು ಮುರಿದು ಬಾಕಿಗೆ ಜಮಾ ಮಾಡಿಕೊಂಡರೆ ಆಯಿತು.

ಇದು ಗೊತ್ತಾದ ಮೇಲೆ ಪಕ್ಕದ ಮನೆಯವರೊಬ್ಬರು ಅಕ್ಕನಿಗೆ ಉಪಾಯ ಹೇಳಿದರಂತೆ: "ಈ ಖರ್ಚು ನಾನು ಮಾಡಿಲ್ಲ ಅಂತ ಬ್ಯಾಂಕಿಗೆ ಬರೆದುಕೊಡಿ." ಅಕ್ಕ ಒಪ್ಪಲಿಲ್ಲ, ಒಪ್ಪಿದ್ದರೂ ನಡೆಯುತ್ತಿರಲಿಲ್ಲ. ಕಾರ್ಡ್ ಕಳುವಾಗಿ ಯಾರೋ ಮೂರನೆಯವರು ಬಳಸಿದರೆ ಅದು ಅನಧಿಕೃತ ವ್ಯವಹಾರ. ಅದಕ್ಕೆ 2017ರಿಂದ ರಿಸರ್ವ್ ಬ್ಯಾಂಕಿನ ಬೇರೆಯೇ ನಿಯಮವಿದೆ, ಬೇಗ ದೂರು ಕೊಟ್ಟಷ್ಟೂ ಗ್ರಾಹಕರ ಹೊಣೆ ಕಡಿಮೆ. ಆದರೆ ಮಗ ತನಗೇ ಕೊಟ್ಟ ಕಾರ್ಡನ್ನು ತನ್ನದೇ ಪಿನ್ ಒತ್ತಿ ಬಳಸಿದ್ದಾನೆ. ತಾಯಿಗೆ ಇಷ್ಟವಿರಲಿಲ್ಲ ಎನ್ನುವ ಕಾರಣಕ್ಕೆ ಅದು ಅನಧಿಕೃತವಾಗುವುದಿಲ್ಲ. ಕೊಡುವಾಗಲೇ ಅಧಿಕಾರ ಕೊಟ್ಟಾಗಿದೆ.

ಪುಣ್ಯಕ್ಕೆ ಗಡುವಿಗೆ ಇನ್ನೂ ಮೂರು ದಿನವಿತ್ತು. ನನ್ನ ಸೋದರಳಿಯ ಕೆಟ್ಟವನಲ್ಲ. ಬಿಲ್ಲು ತನ್ನ ಹೆಸರಿಗೇ ಬರುತ್ತದೆ ಎಂದು ಅವನೂ ನಂಬಿದ್ದ. ಫೋನಿನಲ್ಲಿ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಮಾಮ, ಅಮ್ಮನ ಎಫ್‌ಡಿಗೆ ಕೈ ಹಾಕ್ತಾರಾ?" ಎಂದು ಕೇಳಿದ.

ಲ್ಯಾಪ್‌ಟಾಪಿನ 68,000ವನ್ನು ಹನ್ನೆರಡು ತಿಂಗಳ ಇಎಂಐಗೆ ಬದಲಾಯಿಸಿದೆವು. ಈ ಕೋರಿಕೆಯನ್ನು ಗಡುವಿನೊಳಗೇ ಸಲ್ಲಿಸಬೇಕಿತ್ತು, ಅದೂ ಅಕ್ಕನ ಲಾಗಿನ್‌ನಿಂದಲೇ. ವರ್ಷಕ್ಕೆ ಶೇ. 15ರಂತೆ ಕಂತು ಸುಮಾರು 6,140 ರೂಪಾಯಿ. ವರ್ಷವಿಡೀ ಸೇರಿ ಬಡ್ಡಿ 5,650ರಷ್ಟು, ಅದರ ಮೇಲೆ ಜಿಎಸ್‌ಟಿ, ಒಂದಿಷ್ಟು ಸಂಸ್ಕರಣಾ ಶುಲ್ಕ. ಇಎಂಐ ಆಗದೆ ಉಳಿದ ಬಿಲ್ 28,200. ಅದಕ್ಕೆ ಅವನು 24,000 ಕಳಿಸಿದ, ಅಕ್ಕ ತನ್ನ 4,200 ಸೇರಿಸಿದಳು. 4ನೇ ತಾರೀಖು ಪೂರ್ತಿ ಕಟ್ಟಾಯಿತು.

ಆಮೇಲೆ ಆ್ಯಡ್-ಆನ್ ಕಾರ್ಡನ್ನೇ ರದ್ದು ಮಾಡೋಣವೇ ಎಂಬ ಮಾತು ಬಂತು. ಅದಕ್ಕೆ ಮಗನ ಒಪ್ಪಿಗೆ ಬೇಕಿಲ್ಲ, ಮೂಲ ಕಾರ್ಡುದಾರರು ಹೇಳಿದರೆ ಸಾಕು. ಆದರೆ ರದ್ದತಿ ತಡೆಯುವುದು ಮುಂದಿನ ಖರ್ಚನ್ನು ಮಾತ್ರ, ಆಗಿಹೋದ ಖರ್ಚು ಖಾತೆಯಲ್ಲೇ ಇರುತ್ತದೆ. ರದ್ದು ಮಾಡುವ ಮೊದಲು ಆ ಕಾರ್ಡಿಗೆ ಜೋಡಿಸಿದ ಚಂದಾಗಳನ್ನೂ ಬಿಡಿಸಬೇಕು. ಸೋದರಳಿಯನ ಕಾರ್ಡಿನಲ್ಲಿ ಅಂಥವು ಎರಡಿದ್ದವು. ಕೊನೆಗೆ ಅಕ್ಕ ಕಾರ್ಡ್ ಉಳಿಸಿಕೊಂಡು ಅದರ ಮಿತಿಯನ್ನು 10,000ಕ್ಕೆ ಇಳಿಸಿದಳು. ಆ ಬ್ಯಾಂಕಿನ ಆ್ಯಪಿನಲ್ಲಿ ಮರಿಕಾರ್ಡಿಗೆ ಬೇರೆ ಮಿತಿ ಹಾಕುವ ಅವಕಾಶವಿತ್ತು. ಅರ್ಜಿ ಕೊಟ್ಟ ದಿನವೇ ಹಾಕಬಹುದಿತ್ತು, ಯಾರೂ ಹೇಳಿರಲಿಲ್ಲ. ಅವನ ಕಾರ್ಡಿನ ಪ್ರತಿ ಖರ್ಚಿನ ಮೆಸೇಜೂ ಈಗ ಅಕ್ಕನ ಫೋನಿಗೆ ಬರುತ್ತದೆ.

ಮಗನ ಸಂಬಳದ ಖಾತೆಯಿಂದ ಪ್ರತಿ ತಿಂಗಳು 1ನೇ ತಾರೀಖು ಕಂತಿನ ಹಣ ಅಮ್ಮನ ಖಾತೆಗೆ ತಾನಾಗಿಯೇ ಹೋಗುವಂತೆ ಮಾಡಿದ್ದಾನೆ. "ಈ ಲ್ಯಾಪ್‌ಟಾಪಿನ ಹಣ ನಾನು ಅಮ್ಮನಿಗೆ ಕೊಡಬೇಕಾದ್ದು" ಎಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟ. ಅಕ್ಕ ಬೇಡವೆಂದಳು, ನಾನು ಇರಲಿ ಎಂದೆ. ಆ ಹಾಳೆ ತಾಯಿ ಮಗನ ನಡುವಿನದು, ಬ್ಯಾಂಕನ್ನು ಕಟ್ಟಿಹಾಕುವಂಥದ್ದಲ್ಲ. ಅವನು ನಾಳೆ ಕೆಲಸ ಕಳೆದುಕೊಂಡರೆ ಉಳಿದ ಕಂತುಗಳನ್ನು ಅಕ್ಕನೇ ಪಿಂಚಣಿಯಿಂದ ಕಟ್ಟಬೇಕು. ಅದು ಅವಳಿಗೆ ಈಗ ಗೊತ್ತು. ಗೊತ್ತಿದ್ದೇ ಕಾರ್ಡನ್ನು ಅವನ ಬಳಿ ಬಿಟ್ಟಿದ್ದಾಳೆ.