ಮುಂಜಾವ ಮೂರು ಗಂಟೆಗೆ ಎಚ್ಚರವಾಗುತ್ತಿದ್ದ ನನ್ನ ಪತಿ

ಎರಡು ವರ್ಷಗಳ ಹಿಂದಿನ ಮಳೆಗಾಲದ ಒಂದು ಸಂಜೆ ನಾನು ನೀರಿನ ಪಂಪನ್ನು ನಿಲ್ಲಿಸಲು ಮರೆತೆ. ಟ್ಯಾಂಕಿ ತುಂಬಿ ಅಂಗಳಕ್ಕೆ ನೀರು ಸುರಿಯತೊಡಗಿತು. ಒಳಕೋಣೆಯಿಂದ ಹೊರಬಂದ ನನ್ನ ಪತಿ ಮಕ್ಕಳ ಮುಂದೆಯೇ ನನ್ನ ಮೇಲೆ ಕೂಗಾಡಿದರು. ಬಳಿಕ ಕೋಣೆಯ ಬಾಗಿಲು ಹಾಕಿಕೊಂಡವರು ರಾತ್ರಿಯ ಊಟಕ್ಕೂ ಬರಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಾಗಿದ್ದವು. ಅದರಲ್ಲಿ ಹೆಚ್ಚಿನ ಕಾಲವನ್ನು ಅವರು ದಮ್ಮಾಮಿನಲ್ಲಿ ಕಳೆದಿದ್ದರು. ರಜೆಗೆ ಬಂದಾಗ ಹಾಸ್ಯ ಮಾಡುತ್ತಾ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಆ ಮನುಷ್ಯ ಎಲ್ಲಿ ಹೋದರೆಂದು ಅಂದು ರಾತ್ರಿ ಯೋಚಿಸುತ್ತಾ ಮಲಗಿದೆ. ಇದನ್ನು ಬರೆಯುವ ಮೊದಲು ಅವರಿಗೆ ಓದಿ ಹೇಳಿದ್ದೇನೆ. ಅವರು ಒಪ್ಪಿದ ಮೇಲೆಯೇ ಇದು ನಿಮ್ಮ ಮುಂದಿದೆ.

ಊರಿಗೆ ಮರಳಿದ ನಂತರ ಅವರು ಪಾಲುದಾರಿಕೆಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದನ್ನು ಆರಂಭಿಸಿದ್ದರು. ಹದಿನಾಲ್ಕು ತಿಂಗಳಲ್ಲಿ ಅದು ಮುಚ್ಚಿತು. ಆರಂಭದಲ್ಲಿ ಅವರ ಸಿಟ್ಟಿಗೆ ನಷ್ಟವೇ ಕಾರಣವೆಂದು ನಾನು ಭಾವಿಸಿದೆ. ಸಾಲ ತೀರಿದರೆ ಎಲ್ಲವೂ ಸರಿಯಾದೀತೆಂಬ ನಿರೀಕ್ಷೆ ನನ್ನದಾಗಿತ್ತು. ಆದರೆ ನನ್ನ ಚಿನ್ನವನ್ನು ಅಡವಿಟ್ಟು ದೊಡ್ಡ ಸಾಲವನ್ನು ತೀರಿಸಿದ ಮೇಲೂ ಅವರ ಸ್ಥಿತಿ ಬದಲಾಗಲಿಲ್ಲ. ಇಶಾದ ಬಳಿಕ ಜಂಕ್ಷನ್ನಿನಲ್ಲಿ ಗೆಳೆಯರೊಂದಿಗೆ ಕುಳಿತುಕೊಳ್ಳುವುದನ್ನು ಬಿಟ್ಟರು. ಅಣ್ಣ ಮನೆಗೆ ಬಂದರೆ ನಿದ್ರಿಸುವವರಂತೆ ಮಲಗುತ್ತಿದ್ದರು. ಬಹಳ ಇಷ್ಟವಾಗಿದ್ದ ಬಂಗುಡೆಯ ಸಾರು ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಬೆನ್ನುನೋವು, ತಲೆಭಾರ ಎಂದು ದಿನವೂ ಹೇಳುತ್ತಿದ್ದರು. ಮುಂಜಾವ ಮೂರು ಗಂಟೆಗೆ ಎದ್ದು ಸಿಟೌಟಿನಲ್ಲಿ ದೀಪವನ್ನೂ ಹಾಕದೆ ಕುಳಿತಿರುತ್ತಿದ್ದರು. ಬೆಳಗ್ಗೆ ಅವರ ಮುಖವನ್ನು ನೋಡಲಾಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸ್ವಲ್ಪ ಮಾತಾಡುತ್ತಿದ್ದರು.

ಖಿನ್ನತೆಯೆಂದರೆ ಅಳುವುದು ಎಂದು ನಾನು ತಿಳಿದಿದ್ದೆ. ಅವರು ಒಮ್ಮೆಯೂ ಅಳಲಿಲ್ಲ. ಪುರುಷರಲ್ಲಿ ಅದು ಅನೇಕ ವೇಳೆ ಸಿಡುಕಿನ, ಮೈಕೈನೋವಿನ, ಮೌನದ ವೇಷದಲ್ಲಿ ಬರುತ್ತದೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದ ಕಾಲದಲ್ಲಿ ನಾನು ಮಾಡಿದ ತಪ್ಪುಗಳನ್ನು ಹೇಳಲೇಬೇಕು. ಮೊದಲನೆಯದಾಗಿ ಉಪದೇಶ ಮಾಡಿದೆ. “ನಿಮಗಿಂತ ಕಷ್ಟದಲ್ಲಿರುವವರು ಎಷ್ಟಿಲ್ಲ? ಅಲ್ಲಾಹನು ನಮಗೆ ಏನು ಕಡಿಮೆ ಮಾಡಿದ್ದಾನೆ? ದ್ಸಿಕ್ರ್ ಹೆಚ್ಚಿಸಿ, ಮನಸ್ಸು ಸರಿಯಾಗುತ್ತದೆ” ಎಂದೆ. ಅವರು ಐದು ಹೊತ್ತಿನ ನಮಾಝನ್ನು ಬಿಟ್ಟವರಲ್ಲ. ನನ್ನ ಮಾತನ್ನು ಕೇಳಿ, ತಮ್ಮ ಈಮಾನ್‌ನಲ್ಲಿಯೇ ಏನೋ ಕೊರತೆಯಿದೆ, ಅಲ್ಲಾಹನು ತಮ್ಮ ಮೇಲೆ ಮುನಿದಿದ್ದಾನೆ ಎಂದು ಅವರು ಇನ್ನಷ್ಟು ಕುಗ್ಗಿದ್ದರೆಂಬುದು ನನಗೆ ತಿಳಿದದ್ದು ತಿಂಗಳುಗಳ ಬಳಿಕ. ಎರಡನೆಯದಾಗಿ, ಅತ್ತೆ ಮತ್ತು ಭಾವನವರನ್ನು ಒಟ್ಟಿಗೆ ಕೂರಿಸಿ ಅವರ ಮುಂದೆ, “ಇವರಿಗೆ ಖಿನ್ನತೆ ಇದೆ, ಮಾನಸಿಕ ವೈದ್ಯರಿಗೆ ತೋರಿಸಬೇಕು” ಎಂದುಬಿಟ್ಟೆ. “ನನ್ನನ್ನು ಹುಚ್ಚನನ್ನಾಗಿ ಮಾಡಲು ಹೊರಟಿದ್ದೀಯಾ?” ಎಂದು ಕೇಳಿ ಎದ್ದುಹೋದವರು ಹನ್ನೊಂದು ದಿನ ನನ್ನೊಂದಿಗೆ ಮಾತನಾಡಲಿಲ್ಲ.

ಸಂಬಂಧಿಕರೊಬ್ಬರು ಬೇರೆ ದಾರಿಯನ್ನು ಸೂಚಿಸಿದರು. ಪರಿಚಯದ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಚಹಾದಲ್ಲಿ ಬೆರೆಸಿಕೊಡು, ಅವರಿಗೆ ತಿಳಿಯುವುದೇ ಇಲ್ಲ ಎಂದರು. ನನಗೂ ಒಂದು ಗಳಿಗೆ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆ ವಾರವೇ ಮಗಳ ಕಾಲೇಜಿನ ಗೋಡೆಯ ಮೇಲಿದ್ದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆಯನ್ನು ಮಗಳು ಬರೆದು ತಂದಳು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಹಣವಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ. ಅವರು ಅಸರ್ ನಮಾಝಿಗೆ ಹೋದಾಗ ನಾನು ಹಿತ್ತಿಲಲ್ಲಿ ನಿಂತು ಕರೆ ಮಾಡಿದೆ. ಅತ್ತಲಿನ ಸಹೋದರಿ ನನ್ನ ದೂರನ್ನು ಕೇಳಿ ಮುಗಿಸಿ, ಒಂದೊಂದಾಗಿ ಪ್ರಶ್ನೆ ಕೇಳಿದರು. ಎಷ್ಟು ದಿನಗಳಿಂದ? ನಿದ್ರೆ ಹೇಗಿದೆ? ಊಟ? ಕುಡಿತವಿದೆಯೇ? ಸಾವಿನ ಮಾತನ್ನಾಡಿದ್ದಾರೆಯೇ? ಇಂತಹ ಲಕ್ಷಣಗಳು ಎರಡು ವಾರಗಳಿಗೂ ಮೀರಿ, ಹೆಚ್ಚಿನ ದಿನಗಳಲ್ಲಿ ಇದ್ದರೆ ವೈದ್ಯರು ನೋಡಬೇಕಾದ ಸಂಗತಿಯೆಂದರು. ಗುಟ್ಟಾಗಿ ಮಾತ್ರೆ ಕೊಡುವ ವಿಚಾರವನ್ನು ಕೇಳಿದಾಗ ಸ್ಪಷ್ಟವಾಗಿ ಬೇಡವೆಂದರು. ವೈದ್ಯರು ನೋಡದೆ ಕೊಟ್ಟ ಮಾತ್ರೆ ಅವರ ದೇಹಕ್ಕೆ ಒಗ್ಗದಿದ್ದರೆ, ತಲೆ ತಿರುಗಿದರೆ, ಕಾರಣವೇನೆಂದು ಅವರಿಗೆ ತಿಳಿಯದು. ವಿಷಯ ಒಂದು ದಿನ ಬಯಲಾದರೆ ಆಮೇಲೆ ನಾನು ಕೊಟ್ಟ ನೀರನ್ನೂ ಅವರು ನಂಬಲಾರರು.

ಅವರು ಕೊನೆಗೆ ಕೇಳಿದ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು: “ನಿಮ್ಮ ಪತಿ ತಾವಾಗಿಯೇ ಯಾವುದರ ಬಗ್ಗೆ ದೂರುತ್ತಾರೆ?” ನಿದ್ರೆ ಎಂದೆ, ಬೆನ್ನುನೋವು ಎಂದೆ. ಹಾಗಾದರೆ ಅಲ್ಲಿಂದಲೇ ಆರಂಭಿಸಿ ಎಂದರು.

ನನ್ನವರು ನಿರಾಕರಿಸುತ್ತಿದ್ದುದು ಒಂದು ಹೆಸರನ್ನು ಎಂಬುದು ನನಗೆ ಆಗ ಹೊಳೆಯಿತು. ನಿದ್ರೆ ಬೇಕೆಂಬ ಆಸೆ ಅವರಿಗೂ ಇತ್ತು. ನಾನು ಖಿನ್ನತೆಯೆಂಬ ಪದವನ್ನು ಸಂಪೂರ್ಣವಾಗಿ ಬಿಟ್ಟೆ. ಮುಂಜಾವ ಮೂರು ಗಂಟೆಗೆ ಅವರು ಎದ್ದಾಗ ನಾನೂ ಎದ್ದು, ಚಹಾ ಮಾಡಿ, ಸಿಟೌಟಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಮೊದಲ ನಾಲ್ಕೈದು ದಿನ ಏನನ್ನೂ ಕೇಳಲಿಲ್ಲ. ಮುಖ ನೋಡಿ ಮಾತಾಡುವುದಕ್ಕಿಂತ ಪಕ್ಕದಲ್ಲಿ ಕುಳಿತು ಅಂಗಳದ ಕತ್ತಲನ್ನು ನೋಡುತ್ತಾ ಮಾತಾಡುವುದು ಅವರಿಗೆ ಸುಲಭವಾಗಿತ್ತು. ಒಂದು ದಿನ, “ಎಷ್ಟು ದಿನವಾಯಿತು ನೀವು ಸರಿಯಾಗಿ ನಿದ್ರಿಸದೆ? ನಿಮ್ಮನ್ನು ಹೀಗೆ ನೋಡಿ ನನಗೆ ಹೆದರಿಕೆಯಾಗುತ್ತಿದೆ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಣ್ಣು ಮುಚ್ಚಿದರೆ ಲೆಕ್ಕವೇ ಬರುತ್ತದೆ” ಎಂದರು.

ಸಹಾಯವಾಣಿಯವರು ಕಲಿಸಿದ್ದ ಇನ್ನೊಂದು ಪ್ರಶ್ನೆಯನ್ನು ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದಂತಾದೀತೆಂಬ ಭಯವಿತ್ತು. ಹಾಗಾಗುವುದಿಲ್ಲ, ಕೇಳಿಸಿಕೊಂಡವರಿಗೆ ಭಾರ ಇಳಿದಂತಾಗುತ್ತದೆ ಎಂದು ಅವರು ಹೇಳಿದ್ದರು. “ಬದುಕೇ ಬೇಡವೆಂದು ಅನಿಸಿದ್ದುಂಟೇ?” ಎಂದು ಕೇಳಿದೆ. “ಸಾಯಬೇಕೆಂದಿಲ್ಲ. ಬೆಳಗ್ಗೆ ಏಳದಿದ್ದರೆ ಒಳ್ಳೆಯದೆನಿಸುತ್ತದೆ” ಎಂದರು. ಹಾಗೆ ಹೇಳಿದ್ದೇ ಪಾಪವೆಂಬಂತೆ ಇಸ್ತಿಗ್ಫಾರ್ ಹೇಳಿಕೊಂಡರು. ನಾನು ಗದರಿಸಲಿಲ್ಲ, ಹಾಗೆಲ್ಲ ಹೇಳಬಾರದು ಎನ್ನಲಿಲ್ಲ, ಕೈ ಹಿಡಿದು ಕುಳಿತೆ. ಬೆಳಗಾದ ಮೇಲೆ ಶೆಡ್ಡಿನಲ್ಲಿದ್ದ ಕಳೆನಾಶಕದ ಕ್ಯಾನನ್ನು ಭಾವನವರ ಮನೆಗೆ ಸಾಗಿಸಿದೆ. ಮಾತು ಅಲ್ಲಿಂದ ಮುಂದಕ್ಕೆ ಹೋಗಿದ್ದರೆ, ಅಂದರೆ ಹೇಗೆ, ಯಾವಾಗ ಎಂಬ ಯೋಚನೆಯನ್ನೂ ಅವರು ಹೇಳಿದ್ದರೆ, ಅವರು ಒಪ್ಪುವವರೆಗೆ ಕಾಯುವಂತಿರಲಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು.

ನಮ್ಮ ಮನೆಯವರನ್ನೆಲ್ಲ ಬಲ್ಲ ಊರಿನ ಡಾಕ್ಟರರ ಬಳಿ ಮೊದಲು ನಾನೊಬ್ಬಳೇ ಹೋಗಿ ಎಲ್ಲವನ್ನೂ ಹೇಳಿದೆ. ಎರಡು ದಿನಗಳ ಬಳಿಕ ಬೆನ್ನುನೋವು ಮತ್ತು ನಿದ್ರೆಯ ಹೆಸರಿನಲ್ಲಿ ಅವರೂ ಬಂದರು. ಡಾಕ್ಟರು ರಕ್ತಪರೀಕ್ಷೆ ಬರೆದರು. ಥೈರಾಯ್ಡ್ ಕುಂದಿದರೆ, ರಕ್ತ ಅಥವಾ ಬಿ12 ಕಡಿಮೆಯಾದರೆ, ಸಕ್ಕರೆ ಏರಿದರೆ ಕೂಡ ಮನುಷ್ಯ ಹೀಗೆಯೇ ಸೋತುಹೋಗಬಹುದಂತೆ. ಬಿ12 ಸ್ವಲ್ಪ ಕಡಿಮೆಯಿದ್ದುದನ್ನು ಬಿಟ್ಟರೆ ಉಳಿದೆಲ್ಲವೂ ಸರಿಯಿತ್ತು. ಆಗ ಡಾಕ್ಟರು, “ದೇಹದಲ್ಲಿ ದೊಡ್ಡ ತೊಂದರೆ ಕಾಣುತ್ತಿಲ್ಲ. ನಿದ್ರೆ ಹಾಳಾದುದನ್ನು ಸರಿಪಡಿಸಲು ನನಗಿಂತ ಚೆನ್ನಾಗಿ ತಿಳಿದವರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ” ಎಂದರು. ಅವರು ಯಾರೆಂದು ನನ್ನವರಿಗೆ ಅರ್ಥವಾಯಿತು. ಎರಡು ಮಂಗಳವಾರಗಳನ್ನು ಏನೇನೋ ನೆಪ ಹೇಳಿ ಕಳೆದರು. ನಾನು ಒತ್ತಾಯಿಸಲಿಲ್ಲ. “ಈ ವಾರ ಬೇಡವೆಂದರೆ ಬೇಡ, ಮುಂದಿನ ವಾರ ಕೇಳುತ್ತೇನೆ” ಎಂದಷ್ಟೇ ಹೇಳುತ್ತಿದ್ದೆ.

ಮೂರನೆಯ ಮಂಗಳವಾರಕ್ಕೆ ದಾರಿ ಮಾಡಿದವರು ನಮ್ಮ ಮಸೀದಿಯ ಉಸ್ತಾದರು. ನೀರು ಮಂತ್ರಿಸಿ ಕೊಡಿರೆಂದು ಅತ್ತೆ ಅವರಲ್ಲಿಗೆ ಹೋಗಿದ್ದರು. ಉಸ್ತಾದರು ದುಆ ಮಾಡಿ, ನನ್ನ ಪತಿಯನ್ನು ಕರೆದು, ಜೇಬಿನಿಂದ ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತೆಗೆದು ತೋರಿಸಿದರಂತೆ. ಅಲ್ಲಾಹನು ರೋಗದೊಂದಿಗೆ ಮದ್ದನ್ನೂ ಇಳಿಸಿದ್ದಾನೆಂದು ಪ್ರವಾದಿಯವರು(ಸ) ಕಲಿಸಿರುವಾಗ, ದೇಹದ ರೋಗಕ್ಕೆ ಮಾತ್ರ ಅದು ಅನ್ವಯಿಸುತ್ತದೆಂದು ಯಾರು ಹೇಳಿದರು ಎಂದು ಕೇಳಿದರಂತೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಗ್ರಂಥ ಬರೆದು, ಕಾರಣ ತಿಳಿದಿರುವ ದುಃಖ ಹಾಗೂ ಕಾರಣ ಕಾಣದ, ದೇಹದಿಂದಲೇ ಹುಟ್ಟುವ ದುಃಖ ಎಂದು ಬೇರ್ಪಡಿಸಿದ್ದರೆಂಬುದನ್ನು ನಾನು ಆಮೇಲೆ ಓದಿದೆ. ನಮ್ಮವರು ಅಂದೇ ಬಲ್ಲದ್ದನ್ನು ನಾವು ಯಾವಾಗ ಮರೆತೆವೋ ತಿಳಿಯದು.

ಮನೋವೈದ್ಯರ ಕೋಣೆಯಲ್ಲಿ ನನ್ನವರು ನನ್ನನ್ನು ಹೊರಗೆ ಕೂರಲು ಹೇಳಿದರು. ಇಪ್ಪತ್ತು ನಿಮಿಷಗಳ ಬಳಿಕ ಕರೆದರು. ಮಾತ್ರೆಯ ಬಗ್ಗೆ ವೈದ್ಯರು ಹೇಳಿದ್ದು ನಮಗೆ ಬಹಳ ಉಪಯೋಗಕ್ಕೆ ಬಂತು. ಮೊದಲ ವಾರ ಹೊಟ್ಟೆ ತೊಳಸಬಹುದು, ತಲೆ ಭಾರವಾಗಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಬೇಕು. ಅಂದರೆ ತೊಂದರೆ ಮೊದಲು, ಉಪಕಾರ ನಂತರ. ಇದನ್ನು ಮುಂಚೆ ತಿಳಿಯದಿದ್ದರೆ ಅವರು ಐದನೆಯ ದಿನವೇ ಮಾತ್ರೆಯನ್ನು ಬಿಡುತ್ತಿದ್ದರು. ನಮ್ಮಲ್ಲಿ ಮೊದಲು ಮರಳಿದ್ದು ನಿದ್ರೆ, ಬಳಿಕ ಹಸಿವು. ಸಿಡುಕು ಎಲ್ಲಕ್ಕಿಂತ ಕೊನೆಗೆ ಇಳಿಯಿತು. ಮೂರನೆಯ ತಿಂಗಳಲ್ಲಿ ಚೆನ್ನಾಗಿದ್ದೇನೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರು. ಕೆಲವೇ ವಾರಗಳಲ್ಲಿ ಮೂರು ಗಂಟೆಯ ಎಚ್ಚರ ಮತ್ತೆ ಬಂತು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಮೆಲ್ಲನೆ ಇಳಿಸಬೇಕು ಎಂದು ವೈದ್ಯರು ಎರಡನೆಯ ಸಲ ಹೇಳಿದಾಗ ಅವರು ಕೇಳಿದರು.

ಸಹೋದರಿಯರು ಇದನ್ನು ಓದಿ ಎಲ್ಲವನ್ನೂ ಸಹಿಸಬೇಕೆಂದು ತಿಳಿದಾರೆಂಬ ಅಳುಕು ನನಗಿದೆ. ಆ ದಿನಗಳಲ್ಲಿ ಒಮ್ಮೆ ಅವರು ತಟ್ಟೆಯನ್ನು ಗೋಡೆಗೆ ಎಸೆದರು. ಆ ಹೊತ್ತಿಗೆ ವಾದಿಸದೆ ಮಕ್ಕಳನ್ನು ಕರೆದುಕೊಂಡು ಉಮ್ಮನ ಮನೆಗೆ ಹೋದೆ. ಮರುದಿನ ಫೋನಿನಲ್ಲಿ, “ನಿಮ್ಮ ನೋವಿನೊಂದಿಗೆ ಇರುತ್ತೇನೆ. ಮಕ್ಕಳ ಮುಂದೆ ವಸ್ತು ಎಸೆದರೆ ಇರುವುದಿಲ್ಲ” ಎಂದು ಹೇಳಿದೆ. ಅಂತಹದು ಮತ್ತೆ ನಡೆಯಲಿಲ್ಲ. ಕೈ ಎತ್ತುವ ಗಂಡನ ವಿಷಯವೇ ಬೇರೆ. ಅಲ್ಲಿ ಮೊದಲು ನೋಡಬೇಕಾದದ್ದು ಹೆಂಡತಿ ಮಕ್ಕಳ ರಕ್ಷಣೆಯನ್ನು, ರೋಗದ ಹೆಸರನ್ನು ಆಮೇಲೆ ನೋಡಬಹುದು. ನನಗಾಗಿ ನಾನು ಮಾಡಿಕೊಂಡದ್ದು ಒಂದೇ: ವಾರಕ್ಕೆ ಒಂದು ಮಧ್ಯಾಹ್ನ ಅಕ್ಕನ ಮನೆಯಲ್ಲಿ ಮಲಗಿ ನಿದ್ರಿಸುತ್ತಿದ್ದೆ.

ಈಗ ಅವರು ಭಾವನವರ ಅಡಿಕೆ ವ್ಯಾಪಾರದ ಲೆಕ್ಕ ನೋಡಿಕೊಳ್ಳುತ್ತಾರೆ. ಜಂಕ್ಷನ್ನಿನ ಗೆಳೆಯರ ಬಳಿಗೆ ಇನ್ನೂ ಹೋಗುವುದಿಲ್ಲ. ಕಳೆದ ವಾರ ಮತ್ತೆ ಪಂಪ್ ನಿಲ್ಲಿಸಲು ಮರೆತೆ. ಅವರು ಒಳಗಿನಿಂದ ಗದರಿದರು, ತಾವೇ ಹೋಗಿ ನಿಲ್ಲಿಸಿದರು, ಒದ್ದೆ ಕಾಲಿನಲ್ಲಿ ಬಂದು ಊಟಕ್ಕೆ ಕುಳಿತು ಬಂಗುಡೆಯ ಎರಡನೆಯ ತುಂಡನ್ನು ಕೇಳಿದರು.